ಪ್ರಾಚೀನ ನಂಬಿಕೆಯ ಅಧ್ಯಯನಕ್ಕೆ ಶಿಲಾಗೋರಿಯನ್ನು ತೆರೆಯಬಹುದೇ?

ಬಂಗಾರಪೇಟೆ ತಾಲ್ಲೂಕಿನ ಹುಣಕುಂದದಲ್ಲಿ ಬೃಹತ್ ಶಿಲಾಯುಗದ ಗೋರಿಗಳಿವೆ. ಇಂಥ ಗೋರಿಗಳ ಚಪ್ಪಡಿಯಲ್ಲಿ ಕೆಲವೊಮ್ಮೆ ದುಂಡನೆಯ ಕಿಂಡಿ ಇರುತ್ತದೆ. ಅದು ಆತ್ಮದ ದಾರಿ ಎಂಬುದು ಊಹೆ. ಪ್ರಬಂಧದಲ್ಲಿ ಅದನ್ನು ಊಹೆಯೆಂದೇ ಬರೆಯಬೇಕು. ಊಹೆಯನ್ನು ಪರೀಕ್ಷಿಸಲು ಗೋರಿಯನ್ನು ಅಗೆಯುವುದೇ ಮೊದಲ ಹೆಜ್ಜೆಯಾಗಬಾರದು. ಕಿಂಡಿಯ ದಿಕ್ಕು, ಅಳತೆ, ಕಲ್ಲುವೃತ್ತದ ನಕ್ಷೆ ಇವೆಲ್ಲ ಏನನ್ನೂ ಕದಲಿಸದೆ ಸಿಗುತ್ತವೆ.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಪುರಾತತ್ವ ಮಹತ್ವವುಳ್ಳ, ನೂರು ವರ್ಷ ಮೀರಿದ ಸಮಾಧಿಯೂ ಸ್ಮಾರಕವೇ. ಸಂರಕ್ಷಿತ ನೆಲೆಯಲ್ಲಿ ಪರವಾನಗಿಯಿಲ್ಲದೆ ಅಗೆಯುವಂತಿಲ್ಲ. ಆದರೆ ಪರವಾನಗಿಯೊಂದೇ ಸಾಲದು. 1989ರ ವರ್ಮಿಲಿಯನ್ ಒಡಂಬಡಿಕೆ ಮೃತರಿಗೂ ಸ್ಥಳೀಯರಿಗೂ ಗೌರವ ಕೇಳುತ್ತದೆ. ಗೋರಿಗಲ್ಲಿಗೆ ಊರವರು ಪೂಜೆ ಮಾಡುತ್ತಿದ್ದರೆ ಅವರ ಒಪ್ಪಿಗೆ ಬೇಕು.

ಮೂಳೆಯ ಕಾಲನಿರ್ಣಯಕ್ಕೆ ಅದರ ಒಂದು ತುಣುಕು ನಾಶವಾಗುತ್ತದೆ; ಇದ್ದಿಲು ದೊರೆತರೆ ಮೂಳೆಯನ್ನು ಮುಟ್ಟದಿರುವುದೇ ಸರಿ. ನಿಧಿಗಳ್ಳರ ಹಾವಳಿಯಿರುವುದರಿಂದ ಗೋರಿಯ ನಿಖರ ಸ್ಥಾನವನ್ನು ಅಚ್ಚಿಗೆ ಕೊಡಬಾರದು.