ಉಗ್ರಾಣದೊಳಗೊಂದು ಮಳೆ

ದೊಡ್ಡಬಳ್ಳಾಪುರವು ವಿದ್ಯುತ್ ಮಗ್ಗಗಳಿಗೆ ಹೆಸರಾದ ಊರು. ಮಗ್ಗದಿಂದಿಳಿದ ಬಟ್ಟೆಯನ್ನು ಮೂಟೆ ಕಟ್ಟಿ ಒಟ್ಟುವ ಉಗ್ರಾಣವೊಂದನ್ನು ಅಲ್ಲಿ ಕಟ್ಟಬೇಕಾಗಿದೆ ಎಂದು ಭಾವಿಸೋಣ. ಬೆಂಕಿ ಬಿದ್ದರೆ ನಂದಿಸಲು ಎಷ್ಟು ನೀರು ಬೇಕು?

ಚಾವಣಿಯ ಕೆಳಗಿನ ಕೊಳವೆಗಳಲ್ಲಿ ಸ್ಪ್ರಿಂಕ್ಲರ್ ಎಂಬ ಚಿಕ್ಕ ಮೂತಿಗಳಿರುತ್ತವೆ. ಪ್ರತಿಯೊಂದರ ಬಾಯಿಯನ್ನೂ ದ್ರವ ತುಂಬಿದ ಗಾಜಿನ ಗುಳಿಗೆಯೊಂದು ಮುಚ್ಚಿರುತ್ತದೆ. ಸಾಮಾನ್ಯವಾಗಿ 68 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ದ್ರವವು ಹಿಗ್ಗಿ ಗಾಜನ್ನೊಡೆಯುತ್ತದೆ. ಚಲನಚಿತ್ರಗಳಲ್ಲಿ ಕಾಣುವಂತೆ ಎಲ್ಲ ಮೂತಿಗಳೂ ಒಮ್ಮೆಗೇ ಸುರಿಯುವುದಿಲ್ಲ. ಬೆಂಕಿಯ ಮೇಲಿರುವವು ಮಾತ್ರ ತೆರೆಯುತ್ತವೆ. ಆದ್ದರಿಂದ ಇಡೀ ಉಗ್ರಾಣಕ್ಕಲ್ಲ, ಒಂದು ಬೆಂಕಿ ವ್ಯಾಪಿಸಬಹುದಾದಷ್ಟು ನೆಲಕ್ಕೆ ಲೆಕ್ಕ ಹಾಕುತ್ತಾರೆ.

ನಮ್ಮ ಉದಾಹರಣೆಯಲ್ಲಿ ಆ ನೆಲ 260 ಚದರ ಮೀಟರ್, ಮಳೆಯ ತೀವ್ರತೆ ನಿಮಿಷಕ್ಕೆ 10 ಮಿಲಿಮೀಟರ್ ಆಗಿರಲಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಅಂದರೆ ನಿಮಿಷಕ್ಕೆ 2,600 ಲೀಟರ್. ಒಂದೂವರೆ ಗಂಟೆಗೆ 2,34,000 ಲೀಟರ್. ಈ ಸೀಮೆಯಲ್ಲಿ ವರ್ಷವಿಡೀ ಬೀಳುವಷ್ಟು ಮಳೆಯನ್ನು ಆ ತುಂಡುನೆಲದ ಮೇಲೆ ತೊಂಬತ್ತೇ ನಿಮಿಷದಲ್ಲಿ ಸುರಿಸಿದಂತಾಯಿತು! ನಿಮಿಷಕ್ಕೆ ನೂರು ಲೀಟರ್ ಕೊಡುವ ಕೊಳವೆಬಾವಿಯು ಇಷ್ಟನ್ನು ಒದಗಿಸಲು 39 ಗಂಟೆ ಬೇಕು. ಆದುದರಿಂದ ನೀರನ್ನು ಮೊದಲೇ ತೊಟ್ಟಿಯಲ್ಲಿ ಕೂಡಿಡಬೇಕು; ಆ ತೊಟ್ಟಿಯಿಂದ ಬೇರೆ ಬಳಕೆಗೆ ನೀರೆತ್ತುವಂತಿರಬಾರದು.

ಇನ್ನು ಒತ್ತಡ. ಮೂರು ಮೀಟರಿಗೊಂದರಂತೆ ಇಟ್ಟ ಮೂತಿಯೊಂದರ ಪಾಲಿಗೆ 9 ಚದರ ಮೀಟರ್ ನೆಲ. ಅದು ನಿಮಿಷಕ್ಕೆ 90 ಲೀಟರ್ ಸುರಿಸಬೇಕು. ಹರಿವು ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ:

Q = K√P

ಇಲ್ಲಿ Q ನಿಮಿಷಕ್ಕೆ ಲೀಟರುಗಳಲ್ಲಿ, P ಬಾರ್‌ಗಳಲ್ಲಿ. K ಮೂತಿಯ ಗಾತ್ರವನ್ನವಲಂಬಿಸಿದ ಸ್ಥಿರಾಂಕ. K ಬೆಲೆ 80 ಆದರೆ P ಸುಮಾರು 1.27 ಬಾರ್, ಅಂದರೆ ಸುಮಾರು 13 ಮೀಟರ್ ಎತ್ತರದ ನೀರಿನ ಕಂಬದ ಒತ್ತಡ. ಇದು ಅತಿ ದೂರದ ಮೂತಿಯಲ್ಲಿಯೂ ದೊರೆಯಬೇಕು. ಚಾವಣಿಯ ಎತ್ತರವನ್ನೂ ಕೊಳವೆಯ ಘರ್ಷಣೆಯನ್ನೂ ಇದಕ್ಕೆ ಕೂಡಿಸಿದರೆ, ಪಂಪು ಒದಗಿಸಬೇಕಾದ ಒತ್ತಡ ತಿಳಿಯುತ್ತದೆ. ವಿದ್ಯುತ್ತು ನಿಂತರೆ ಕೆಲಸಕ್ಕೆ ಬರುವಂತೆ ಡೀಸೆಲ್ ಪಂಪೊಂದನ್ನೂ ಇಡುವುದು ವಾಡಿಕೆ.

ಎಡವಟ್ಟಾಗುವುದು ಹೆಚ್ಚಾಗಿ ಆಮೇಲೆ. ವ್ಯಾಪಾರ ಬೆಳೆಯುತ್ತದೆ, ಮೂಟೆಗಳ ಸಾಲು ಮೇಲೇರುತ್ತದೆ. ಎತ್ತರದ ರಾಶಿಯಲ್ಲಿ ಜ್ವಾಲೆ ಬೇಗನೆ ಮೇಲಕ್ಕೆ ಹಬ್ಬುವುದರಿಂದ ಹೆಚ್ಚಿನ ಮಳೆ ಬೇಕು. ನಿಮಿಷಕ್ಕೆ 15 ಮಿಲಿಮೀಟರ್ ಬೇಕಾಯಿತೆನ್ನಿ: ಹರಿವು ಒಂದೂವರೆ ಪಟ್ಟು, ಆದರೆ ಅದೇ ಮೂತಿಯಲ್ಲಿ ಒತ್ತಡ ಎರಡೂಕಾಲು ಪಟ್ಟು, ಸುಮಾರು 2.85 ಬಾರ್. ಹಳೆಯ ಪಂಪು ಅಷ್ಟನ್ನು ಕೊಡಲಾರದು; ಕೊಟ್ಟರೂ ತೊಟ್ಟಿಯು ತೊಂಬತ್ತು ನಿಮಿಷಕ್ಕೆ ಬದಲು ಅರುವತ್ತೇ ನಿಮಿಷಕ್ಕೆ ಬರಿದಾಗುತ್ತದೆ. ಮೂತಿಗೂ ಮೂಟೆಗೂ ನಡುವೆ ಸುಮಾರು ಒಂದು ಮೀಟರ್ ತೆರವಿಲ್ಲದಿದ್ದರೆ ನೀರು ಹರಡುವುದೂ ಇಲ್ಲ. ಇದನ್ನರಿಯಲು ಉಪಕರಣ ಬೇಡ. ಉಗ್ರಾಣದೊಳಗೆ ನಿಂತು ತಲೆಯೆತ್ತಿ ನೋಡಿದರೆ ಸಾಕು.

ಬಿಗಿಯಾಗಿ ಕಟ್ಟಿದ ಮೂಟೆಯ ಒಳಗೆ ಹೊಕ್ಕ ಕಿಡಿಯನ್ನು ಈ ಮಳೆಯೂ ತಲುಪಲಾರದು. ಜ್ವಾಲೆ ಅಡಗಿದ ಮೇಲೂ ಒಳಗೊಳಗೇ ಹೊಗೆಯಾಡುತ್ತಿರುವ ಅಂತಹ ಮೂಟೆಗಳನ್ನು ಅಗ್ನಿಶಾಮಕ ದಳದವರು ಹೊರಗೆಳೆದು, ಬಿಚ್ಚಿ, ನೆನೆಸಬೇಕಾಗುತ್ತದೆ.