ಎಲ್–1ಬಿ ವೀಸಾ: ಒಂದು ವರ್ಷದ ಲೆಕ್ಕ, ವಿಶೇಷ ಜ್ಞಾನದ ಪುರಾವೆ

ಬೆಂಗಳೂರು: ಒಂದೇ ಕಂಪೆನಿಯ ಭಾರತದ ಕಚೇರಿಯಿಂದ ಅಮೆರಿಕದ ಕಚೇರಿಗೆ ವರ್ಗವಾಗುವ ಉದ್ಯೋಗಿಗಳಿಗೆ ಅಮೆರಿಕ ಸರ್ಕಾರ ಎಲ್–1 ವೀಸಾ ನೀಡುತ್ತದೆ. ಎಚ್–1ಬಿ ವೀಸಾಕ್ಕಿರುವಂತೆ ಇದಕ್ಕೆ ವಾರ್ಷಿಕ ಮಿತಿಯಿಲ್ಲ, ಲಾಟರಿಯೂ ಇಲ್ಲ. ಈ ಕಾರಣದಿಂದಲೇ ನಗರದ ತಂತ್ರಜ್ಞಾನ ಕಂಪೆನಿಗಳಿಗೆ ಇದು ಸುಲಭದ ದಾರಿಯಾಗಿ ಕಾಣುತ್ತದೆ. ಆದರೆ ಅರ್ಜಿದಾರರು ಎಡವುವುದು ಸಾಮಾನ್ಯವಾಗಿ ಎರಡು ಕಡೆ: ಹಿಂದಿನ ಸೇವಾವಧಿಯ ಲೆಕ್ಕದಲ್ಲಿ ಮತ್ತು ತಮ್ಮ ಜ್ಞಾನ ‘ವಿಶೇಷ’ವಾದುದು ಎಂದು ತೋರಿಸುವುದರಲ್ಲಿ.

ಎಲ್–1 ವೀಸಾದಲ್ಲಿ ಎರಡು ವಿಧಗಳಿವೆ. ವ್ಯವಸ್ಥಾಪಕರು ಹಾಗೂ ಉನ್ನತಾಧಿಕಾರಿಗಳಿಗೆ ಎಲ್–1ಎ. ಕಂಪೆನಿಯ ವಿಶೇಷ ಜ್ಞಾನ ಹೊಂದಿದವರಿಗೆ ಎಲ್–1ಬಿ. ಮೊದಲನೆಯದರಲ್ಲಿ ಗರಿಷ್ಠ 7 ವರ್ಷ, ಎರಡನೆಯದರಲ್ಲಿ 5 ವರ್ಷ ಅಮೆರಿಕದಲ್ಲಿ ದುಡಿಯಬಹುದು. ಸೇವಾವಧಿಯ ನಿಯಮ ಎರಡಕ್ಕೂ ಒಂದೇ. ವಿಶೇಷ ಜ್ಞಾನದ ಪರೀಕ್ಷೆ ಎಲ್–1ಬಿಗೆ ಸಂಬಂಧಿಸಿದ್ದು.

ಒಂದು ವರ್ಷವೆಂದರೆ ಎಷ್ಟು ದಿನ?

ಅರ್ಜಿ ಸಲ್ಲಿಸುವ ದಿನಕ್ಕೆ ಹಿಂದಿನ 3 ವರ್ಷಗಳಲ್ಲಿ ಕನಿಷ್ಠ 1 ವರ್ಷ ನಿರಂತರವಾಗಿ, ಪೂರ್ಣಾವಧಿ ಉದ್ಯೋಗಿಯಾಗಿ, ಅದೇ ಸಮೂಹದ ಕಂಪೆನಿಯಲ್ಲಿ ಅಮೆರಿಕದ ಹೊರಗೆ ಕೆಲಸ ಮಾಡಿರಬೇಕು. ಮಾತೃಸಂಸ್ಥೆ, ಶಾಖೆ, ಅಂಗಸಂಸ್ಥೆ ಅಥವಾ ಒಂದೇ ಒಡೆತನದ ಸೋದರ ಸಂಸ್ಥೆ ಯಾವುದಾದರೂ ಆದೀತು.

ಇಲ್ಲಿ ‘ಹೊರಗೆ’ ಎಂಬ ಪದವನ್ನು ಅಕ್ಷರಶಃ ಓದಬೇಕು. ಸಂಬಳ ಬೆಂಗಳೂರಿನಲ್ಲೇ ಸಂದಾಯವಾಗುತ್ತಿದ್ದರೂ ಉದ್ಯೋಗಿ ಅಮೆರಿಕದಲ್ಲಿ ಕಳೆದ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಅಲ್ಪಾವಧಿಯ ಭೇಟಿಯಿಂದ ಸೇವೆಯ ನಿರಂತರತೆ ಮುರಿಯುವುದಿಲ್ಲ ಎಂಬುದೊಂದೇ ಸಮಾಧಾನ. ಅಷ್ಟು ದಿನಗಳನ್ನು ಕಳೆದು, ಮುಂದೆ ಅಷ್ಟೇ ದಿನಗಳನ್ನು ಸೇರಿಸಿಕೊಳ್ಳಬೇಕು. ಅಮೆರಿಕದ ಪೌರತ್ವ ಮತ್ತು ವಲಸೆ ಸೇವಾ ಇಲಾಖೆ 2018ರ ನವೆಂಬರ್‌ನಲ್ಲಿ ಹೊರಡಿಸಿದ ಸೂಚನೆ ಈ ಅಂಶವನ್ನು ಸ್ಪಷ್ಟಪಡಿಸಿದೆ.

ಒಂದು ಕಲ್ಪಿತ ಉದಾಹರಣೆ ನೋಡೋಣ. ಎಂಜಿನಿಯರೊಬ್ಬರು 2024ರ ಮಾರ್ಚ್ 1ರಂದು ಬೆಂಗಳೂರಿನ ಕಂಪೆನಿಯೊಂದನ್ನು ಸೇರಿದರು. ಅದೇ ವರ್ಷ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 15ರವರೆಗೆ, ಅಂದರೆ 45 ದಿನ, ಗ್ರಾಹಕರೊಂದಿಗಿನ ಸಭೆಗಳಿಗಾಗಿ ವ್ಯವಹಾರ ವೀಸಾದಲ್ಲಿ ಅಮೆರಿಕಕ್ಕೆ ಹೋಗಿ ಬಂದರು. 2025ರ ಫೆಬ್ರುವರಿ 28ಕ್ಕೆ ಸೇವೆಗೆ ವರ್ಷ ತುಂಬಿತೆಂದು ಕಂಪೆನಿ ಮಾರ್ಚ್ 10ರಂದು ಅರ್ಜಿ ಸಲ್ಲಿಸಿತು. ಈ ಅರ್ಜಿ ನಿಲ್ಲುವುದಿಲ್ಲ. ಫೆಬ್ರುವರಿ ಅಂತ್ಯಕ್ಕೆ ಅವರ ಖಾತೆಯಲ್ಲಿದ್ದುದು 320 ದಿನ ಮಾತ್ರ. ಉಳಿದ 45 ದಿನ ಸೇರಿ 365 ದಿನ ಪೂರ್ಣಗೊಳ್ಳುವುದು ಏಪ್ರಿಲ್ 14ಕ್ಕೆ. ಸಂದರ್ಶನ ಮೇ ತಿಂಗಳಲ್ಲಿ ನಡೆದರೂ ಪ್ರಯೋಜನವಿಲ್ಲ. ಅರ್ಹತೆ ಅರ್ಜಿ ಸಲ್ಲಿಸಿದ ದಿನವೇ ಇರಬೇಕು. ಪಾಸ್‌ಪೋರ್ಟ್‌ನ ಮುದ್ರೆಗಳನ್ನು ಮುಂದಿಟ್ಟುಕೊಂಡು ದಿನ ಎಣಿಸಿದ್ದರೆ ಈ ತೊಂದರೆ ತಪ್ಪುತ್ತಿತ್ತು.

ಈಗಾಗಲೇ ಅಮೆರಿಕದಲ್ಲಿ ಇರುವವರ ಲೆಕ್ಕ ಬೇರೆ. ಅದೇ ಸಮೂಹದ ಪರವಾಗಿ ಎಚ್–1ಬಿ ವೀಸಾದಲ್ಲಿ ದುಡಿಯಲು ಹೋದವರಿಗೆ 3 ವರ್ಷಗಳ ಅವಧಿಯನ್ನು ಅಮೆರಿಕ ಪ್ರವೇಶಿಸಿದ ದಿನದಿಂದ ಹಿಂದಕ್ಕೆ ಎಣಿಸಲಾಗುತ್ತದೆ. ಆದರೆ ವಿದ್ಯಾರ್ಥಿಯಾಗಿ ಅಥವಾ ಪತಿ ಇಲ್ಲವೇ ಪತ್ನಿಯ ಅವಲಂಬಿತರಾಗಿ ಹೋದವರಿಗೆ ಈ ವಿನಾಯಿತಿಯಿಲ್ಲ. ಕಂಪೆನಿ ಬಿಟ್ಟು 2 ವರ್ಷಗಳಿಗೂ ಹೆಚ್ಚು ಕಾಲ ಹೀಗೆ ಅಲ್ಲಿದ್ದವರಿಗೆ, ಹಿಂದಿನ 3 ವರ್ಷಗಳಲ್ಲಿ 1 ವರ್ಷದ ವಿದೇಶಿ ಸೇವೆ ಉಳಿದೇ ಇರುವುದಿಲ್ಲ.

ಪರಿಣತಿ ಬೇರೆ, ವಿಶೇಷ ಜ್ಞಾನ ಬೇರೆ

ಎರಡನೆಯ ಪರೀಕ್ಷೆ ಇನ್ನಷ್ಟು ಸೂಕ್ಷ್ಮ. ಕಾನೂನಿನ ಪ್ರಕಾರ ಕಂಪೆನಿಯ ಉತ್ಪನ್ನ, ಸೇವೆ, ತಂತ್ರ ಅಥವಾ ಉಪಕರಣದ ಬಗ್ಗೆ ಉದ್ಯೋಗಿಗೆ ವಿಶೇಷ ಜ್ಞಾನವಿರಬೇಕು. ಇಲ್ಲವೇ ಕಂಪೆನಿಯ ಕಾರ್ಯವಿಧಾನದಲ್ಲಿ ಉನ್ನತ ಮಟ್ಟದ ಜ್ಞಾನವಿರಬೇಕು. 2015ರ ಆಗಸ್ಟ್ 31ರಂದು ಜಾರಿಗೆ ಬಂದ ಇಲಾಖೆಯ ಮಾರ್ಗಸೂಚಿ ಇದನ್ನು ವಿವರಿಸುತ್ತದೆ. ಆ ಜ್ಞಾನ ಕಂಪೆನಿಯ ಸ್ವಾಮ್ಯದ ರಹಸ್ಯವೇ ಆಗಿರಬೇಕಿಲ್ಲ, ಒಬ್ಬರಿಗೆ ಮಾತ್ರ ಗೊತ್ತಿರಬೇಕೆಂದೂ ಇಲ್ಲ. ಆದರೆ ಆ ಉದ್ಯಮದ ಇತರರಿಗೆ ಅಥವಾ ಕಂಪೆನಿಯ ಇತರ ಉದ್ಯೋಗಿಗಳಿಗೆ ಹೋಲಿಸಿದಾಗ ಅದು ಅಸಾಮಾನ್ಯವೆಂದು ಕಾಣಬೇಕು. ‘ಯಾರಿಗೆ ಹೋಲಿಸಿದರೆ?’ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಅರ್ಜಿ ದುರ್ಬಲ.

ವಿಮಾ ಪರಿಹಾರದ ಅರ್ಜಿಗಳನ್ನು ಪರಿಶೀಲಿಸುವ ಸ್ವಂತ ಸಾಫ್ಟ್‌ವೇರ್ ರೂಪಿಸಿದ ಕಂಪೆನಿಯೊಂದನ್ನು ಊಹಿಸಿಕೊಳ್ಳಿ. ತನ್ನ ಎಂಜಿನಿಯರ್ ಪರವಾಗಿ ಅದು ‘ಇವರಿಗೆ ಜಾವಾದಲ್ಲಿ 5 ವರ್ಷಗಳ ಅನುಭವವಿದೆ, ನಮ್ಮ ಸಾಫ್ಟ್‌ವೇರನ್ನು ಚೆನ್ನಾಗಿ ಬಲ್ಲರು’ ಎಂದು ಪತ್ರ ಬರೆದರೆ ತಿರಸ್ಕಾರ ಬಹುತೇಕ ಖಚಿತ. ಜಾವಾ ಬಲ್ಲವರು ಅಮೆರಿಕದಲ್ಲೂ ಬೇಕಾದಷ್ಟಿದ್ದಾರೆ. ಇನ್ನು ತನ್ನ ಕಂಪೆನಿಯ ಸಾಫ್ಟ್‌ವೇರನ್ನು ಅಲ್ಲಿನ ಪ್ರತಿ ನೌಕರನೂ ಬಲ್ಲ.

ಅದೇ ಪತ್ರ ಬೇರೆ ರೀತಿಯಲ್ಲಿ ಹೀಗಿರಬಹುದು: ಈ ಉತ್ಪನ್ನದ ಮೇಲೆ ಸಮೂಹದಲ್ಲಿ 60 ಮಂದಿ ಕೆಲಸ ಮಾಡುತ್ತಾರೆ. ಪರಿಹಾರದ ನಿಯಮಗಳನ್ನು ನಿರ್ಧರಿಸುವ ಭಾಗವನ್ನು ಬದಲಾಯಿಸಬಲ್ಲವರು 7 ಮಂದಿ, ಅವರಲ್ಲಿ ಇವರೊಬ್ಬರು. ಅನುಭವಿ ಎಂಜಿನಿಯರಿಗೂ ಈ ಭಾಗ ಕಲಿಯಲು 10 ತಿಂಗಳು ಹಿಡಿಯುತ್ತದೆ, ಏಕೆಂದರೆ ಅದು ಹೊರಗಿನ ಯಾವ ತರಬೇತಿಯಲ್ಲೂ ಸಿಗುವುದಿಲ್ಲ. ಅಮೆರಿಕದ ಗ್ರಾಹಕರಿಗೆ ಇದನ್ನು ಅಳವಡಿಸುವ ಗಡುವು 6 ತಿಂಗಳು. ಅಲ್ಲಿನ ತಂಡಕ್ಕೆ ಹೊಸದಾಗಿ ಕಲಿಸಲು ಹೊರಟರೆ ಗಡುವು ಮೀರುತ್ತದೆ.

ಈ ಮಾತುಗಳ ಹಿಂದೆ ಕಾಗದವೂ ಇರಬೇಕು. ಉದ್ಯೋಗಿ ಪಡೆದ ಮತ್ತು ನೀಡಿದ ತರಬೇತಿಯ ದಾಖಲೆ, ತಂಡದ ರಚನೆಯ ನಕ್ಷೆ, ಅವರು ಸಿದ್ಧಪಡಿಸಿದ ವಿನ್ಯಾಸದ ಕಡತ, ವೇತನ ಪತ್ರಗಳು ಇಲ್ಲಿ ಮುಖ್ಯ. ಕಲಿಸಲು ತಗಲುವ ಕಾಲ ಮತ್ತು ಖರ್ಚು ಎಷ್ಟು ತೂಕದ್ದೆಂಬುದನ್ನು 2014ರ ತೀರ್ಪೊಂದು ತೋರಿಸಿತು. ಬ್ರೆಜಿಲ್ ಮೂಲದ ‘ಫೋಗೊ ಡಿ ಶಾವ್’ ರೆಸ್ಟೋರೆಂಟ್ ಸಮೂಹದ ಬಾಣಸಿಗರೊಬ್ಬರ ಅರ್ಜಿ ತಿರಸ್ಕೃತವಾಗಿತ್ತು. ಸಂಸ್ಕೃತಿಯಿಂದ ಬಂದ ಜ್ಞಾನವನ್ನು ಇಲಾಖೆ ಸಾರಾಸಗಟಾಗಿ ತಳ್ಳಿಹಾಕಿದ್ದನ್ನೂ, ಅಮೆರಿಕನ್ನರಿಗೆ ಆ ಅಡುಗೆ ಕಲಿಸುವ ವೆಚ್ಚದ ಸಾಕ್ಷ್ಯವನ್ನು ಪರಿಗಣಿಸದ್ದನ್ನೂ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ.

ಗ್ರಾಹಕರ ಕಚೇರಿಯಲ್ಲಿ ಕೂರುವವರಿಗೆ

ಬೆಂಗಳೂರಿನ ಸೇವಾ ಕಂಪೆನಿಗಳಿಗೆ ಮತ್ತೊಂದು ತೊಡಕಿದೆ. 2004ರ ಎಲ್–1 ಸುಧಾರಣಾ ಕಾಯ್ದೆಯ ಪ್ರಕಾರ, ಎಲ್–1ಬಿ ಉದ್ಯೋಗಿ ಮುಖ್ಯವಾಗಿ ಗ್ರಾಹಕ ಕಂಪೆನಿಯ ಸ್ಥಳದಲ್ಲೇ ಕುಳಿತು, ಅದರ ಉಸ್ತುವಾರಿಯಲ್ಲೇ ದುಡಿಯುವಂತಿಲ್ಲ. ಕೇವಲ ಆಳು ಒದಗಿಸುವ ವ್ಯವಸ್ಥೆಯೂ ಆಗಬಾರದು. ಮೇಲಿನ ಎಂಜಿನಿಯರ್ ಗ್ರಾಹಕರ ಕಟ್ಟಡದಲ್ಲಿ ಕೂರಬಹುದು. ಆದರೆ ಕೆಲಸ ಹೇಳುವವರು ಸ್ವಂತ ಕಂಪೆನಿಯವರಾಗಿರಬೇಕು, ಕೆಲಸ ಸ್ವಂತ ಉತ್ಪನ್ನಕ್ಕೆ ಸಂಬಂಧಿಸಿರಬೇಕು.

ದೊಡ್ಡ ಕಂಪೆನಿಗಳು ಮೊದಲೇ ಪಡೆದ ‘ಬ್ಲಾಂಕೆಟ್’ ಅನುಮತಿಯಡಿ ಉದ್ಯೋಗಿಯನ್ನು ನೇರವಾಗಿ ಕಾನ್ಸುಲೇಟ್ ಸಂದರ್ಶನಕ್ಕೆ ಕಳುಹಿಸುತ್ತವೆ. ಅಲ್ಲಿ ಅರ್ಹತೆ ನಿಸ್ಸಂದೇಹವಾಗಿ ಕಾಣದಿದ್ದರೆ ಅಧಿಕಾರಿ ನಿರಾಕರಿಸುತ್ತಾರೆ. ಅದರ ವಿರುದ್ಧ ಮೇಲ್ಮನವಿಗೆ ಅವಕಾಶವಿಲ್ಲ. ಆದರೆ ಕಂಪೆನಿ ವಲಸೆ ಇಲಾಖೆಗೆ ಪ್ರತ್ಯೇಕ ಅರ್ಜಿ ಸಲ್ಲಿಸಬಹುದು. ಮುಂದಿನ ಪ್ರತಿ ವೀಸಾ ಅರ್ಜಿಯಲ್ಲೂ ಈ ನಿರಾಕರಣೆಯನ್ನು ನಮೂದಿಸಬೇಕಾಗುತ್ತದೆ. ಹೀಗಾಗಿ ಸಂದರ್ಶನಕ್ಕೆ ಮುನ್ನ ಕಂಪೆನಿ ಬರೆದ ಪತ್ರದ ಪ್ರತಿಯನ್ನು ಕೇಳಿ ಪಡೆದು ಓದುವುದು ಅಗತ್ಯ. ಪತ್ರದಲ್ಲಿ 10 ತಿಂಗಳು ಎಂದಿರುವ ಕಲಿಕೆಯ ಅವಧಿಯನ್ನು ಅಧಿಕಾರಿಯ ಮುಂದೆ ಉದ್ಯೋಗಿ ‘ಎರಡು ವಾರ’ ಎಂದರೆ, ವಿಶೇಷ ಜ್ಞಾನದ ವಾದ ಅಲ್ಲಿಗೇ ಮುಗಿಯುತ್ತದೆ.