ಕಂದಿಗೆ ಮುಂಚೆ ಕಿತ್ತಳೆ

ಬ್ಲೀಚ್ ಮಾಡಿಸಿದ ಹೊಂಬಣ್ಣದ ಕೂದಲನ್ನು ಮತ್ತೆ ಕಡು ಕಂದು ಮಾಡಿಕೊಳ್ಳುವುದು ಸುಲಭ ಎಂದೇ ಹೆಚ್ಚಿನವರು ತಿಳಿದಿರುತ್ತಾರೆ. ತಿಳಿ ಬಣ್ಣದ ಮೇಲೆ ಗಾಢ ಬಣ್ಣ ಹಚ್ಚಿದರೆ ಮುಗಿಯಿತು, ಅದರಲ್ಲೇನಿದೆ ಎನ್ನುವ ಲೆಕ್ಕಾಚಾರ. ಅಂಗಡಿಯಿಂದ ಡಾರ್ಕ್ ಬ್ರೌನ್ ಡಬ್ಬಿ ತಂದು ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆದು, ಒಣಗಿಸಿ ಬಿಸಿಲಿಗೆ ಬಂದರೆ ಲೆಕ್ಕ ತಪ್ಪಿರುವುದು ಗೊತ್ತಾಗುತ್ತದೆ. ತುದಿಗಳು ಪಾಚಿ ಹಸಿರಿಗೆ ತಿರುಗಿರುತ್ತವೆ, ಇಲ್ಲವೇ ಜೀವವಿಲ್ಲದ ಬೂದು ಕಂದಾಗಿರುತ್ತವೆ. ನಾಲ್ಕಾರು ಸಲ ತಲೆಸ್ನಾನ ಮಾಡುವಷ್ಟರಲ್ಲಿ ಅದೂ ತೊಳೆದುಹೋಗಿ ಮಣ್ಣು ಬಣ್ಣದ ಕೂದಲು ಉಳಿಯುತ್ತದೆ. ಇಲ್ಲಿ ದೋಷ ಡೈನದ್ದಲ್ಲ. ಅದಕ್ಕೂ ಮೊದಲು ಆಗಬೇಕಿದ್ದ ಒಂದು ಕೆಲಸ ಆಗಿಲ್ಲ. ಸಲೂನಿನವರು ಅದನ್ನು ಫಿಲ್ಲಿಂಗ್ ಅಥವಾ ಪ್ರೀ-ಪಿಗ್ಮೆಂಟೇಶನ್ ಎನ್ನುತ್ತಾರೆ. ಕಂದು ಹಚ್ಚುವ ಮುಂಚೆ ಕೂದಲಿಗೆ ಕಿತ್ತಳೆ, ತಾಮ್ರ, ಹೊನ್ನಿನಂಥ ಬಿಸಿ ಬಣ್ಣವನ್ನು ತುಂಬಿಸುವುದೇ ಆ ಕೆಲಸ.

ನಮ್ಮ ಕೂದಲಿನ ಬಣ್ಣಕ್ಕೆ ಕಾರಣ ಮೆಲನಿನ್. ಅದರಲ್ಲಿ ಎರಡು ಬಗೆ. ಕಪ್ಪು-ಕಂದು ಕೊಡುವುದು ಯೂಮೆಲನಿನ್, ಕೆಂಪು-ಹಳದಿ ಕೊಡುವುದು ಫಿಯೊಮೆಲನಿನ್. ಬ್ಲೀಚ್ ಪುಡಿಯೂ ಪೆರಾಕ್ಸೈಡೂ ಸೇರಿ ಎಳೆಯೊಳಗೆ ಇಳಿದಾಗ ಮೊದಲು ಕರಗುವುದು ಯೂಮೆಲನಿನ್. ಹಾಗಾಗಿ ಕಪ್ಪು ಕೂದಲು ಒಂದೇ ಏಟಿಗೆ ಹಳದಿಯಾಗುವುದಿಲ್ಲ. ಮೊದಲು ಕಡುಗೆಂಪು, ಆಮೇಲೆ ಕೆಂಪು, ಕೆಂಗಿತ್ತಳೆ, ಕಿತ್ತಳೆ, ಹಳದಿ, ಕೊನೆಗೆ ತೀರಾ ಪೇಲವ ಹಳದಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಪಾರ್ಲರಿನಲ್ಲಿ ಕುಳಿತು ಬ್ಲೀಚ್ ಮಾಡಿಸಿಕೊಂಡವರೆಲ್ಲ ಈ ಬಣ್ಣಗಳ ಮೆರವಣಿಗೆಯನ್ನು ಕನ್ನಡಿಯಲ್ಲಿ ನೋಡಿರುತ್ತಾರೆ.

ಗಮನಿಸಬೇಕಾದದ್ದು ಇದನ್ನೇ. ಹುಟ್ಟಾ ಕಂದು ಕೂದಲಿನೊಳಗೆ ಆ ಕೆಂಪೂ ಕಿತ್ತಳೆಯೂ ಅಡಗಿ ಕುಳಿತಿರುತ್ತವೆ. ಸಂಜೆಯ ಬಿಸಿಲಿನಲ್ಲಿ ಕಂದು ಕೂದಲು ಕೆಂಪಗೆ ಮಿನುಗುವುದು ಅದರಿಂದಲೇ. ಕಂದು ಎನ್ನುವುದು ಒಂಟಿ ಬಣ್ಣವಲ್ಲ, ಕೆಂಪು, ಹಳದಿ, ನೀಲಿ ಮೂರೂ ಕೂಡಿ ಆಗುವ ಬಣ್ಣ. ಬ್ರೌನ್ ಡೈ ತಯಾರಿಸುವವರು ಅದನ್ನು ಬಳಸುವವರ ಕೂದಲಿನಲ್ಲಿ ಸಾಕಷ್ಟು ಕೆಂಪು-ಕಿತ್ತಳೆ ಮೊದಲೇ ಇದೆ ಎಂದುಕೊಂಡಿರುತ್ತಾರೆ. ಆ ಕೆಂಪು ಎದ್ದು ಕಾಣದಂತೆ ಅದುಮಲು ಡೈನಲ್ಲಿ ತಂಪು ಬಣ್ಣವನ್ನೂ ಸೇರಿಸಿರುತ್ತಾರೆ, ಆಶ್ ಬ್ರೌನಿನಲ್ಲಂತೂ ಅದು ಇನ್ನೂ ಹೆಚ್ಚು. ಪೇಲವ ಹಳದಿ ಕೂದಲಿನಲ್ಲಿ ಅದುಮಲು ಕೆಂಪೇ ಇಲ್ಲ. ಡೈನೊಳಗಿನ ನೀಲಿಗೆ ಜೊತೆಯಾಗಿ ಸಿಗುವುದು ಹಳದಿ ಮಾತ್ರ. ಹಳದಿಗೆ ನೀಲಿ ಸೇರಿದರೆ ಹಸಿರು.

ಮನೆಯಲ್ಲೇ ನರೆಗೆ ಮದರಂಗಿ ಮತ್ತು ಇಂಡಿಗೊ ಪುಡಿ ಹಚ್ಚುವವರಿಗೆ ಇದೇ ಪಾಠ ಬೇರೆ ದಾರಿಯಿಂದ ಗೊತ್ತು. ಮೊದಲು ಮದರಂಗಿ ಹಚ್ಚಿ ಕೂದಲನ್ನು ಕಿತ್ತಳೆ ಮಾಡಿಕೊಳ್ಳುತ್ತಾರೆ, ತೊಳೆದು ಆಮೇಲೆ ಇಂಡಿಗೊ ಹಚ್ಚುತ್ತಾರೆ, ಆಗ ಕಂದು ಅಥವಾ ಕಪ್ಪು ಬರುತ್ತದೆ. ಮದರಂಗಿಯ ಹಂತ ಬಿಟ್ಟು ಬಿಳಿ ಕೂದಲಿಗೆ ನೇರವಾಗಿ ಇಂಡಿಗೊ ಹಚ್ಚಿದರೆ ನೀಲಿ-ಹಸಿರು ಛಾಯೆ ಬರುತ್ತದೆ. ಫಿಲ್ಲಿಂಗ್ ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ಹಾಗಂತ ಬ್ಲೀಚ್ ಆದ ಕೂದಲಿಗೆ ಫಿಲ್ಲರ್ ಬದಲು ಮದರಂಗಿ ಮೆತ್ತಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಅದು ಎಷ್ಟು ಗಾಢವಾಗಿ ಹಿಡಿಯುತ್ತದೆ ಎಂಬುದು ಕೈಯಲ್ಲಿರುವುದಿಲ್ಲ, ಹಿಡಿದ ಮೇಲೆ ತೆಗೆಯುವುದು ಕಷ್ಟ. ಪೇಟೆಯ ಕೆಲವು ಮದರಂಗಿ ಪುಡಿಗಳಲ್ಲಿ ಬೆರೆತಿರುವ ಲೋಹದ ಲವಣಗಳು ಪೆರಾಕ್ಸೈಡ್ ತಗುಲಿದರೆ ಕೂದಲನ್ನು ಸುಟ್ಟೇಬಿಡಬಹುದು.

ಈಗ ಒಂದು ತಲೆಯನ್ನೇ ಎದುರಿಗಿಟ್ಟುಕೊಂಡು ನೋಡೋಣ. ಹುಡುಗಿಯದು ಹುಟ್ಟಾ ಕಡು ಕಂದು ಕೂದಲು. ಒಂದು ವರ್ಷದ ಹಿಂದೆ ಬ್ಲೀಚ್ ಮಾಡಿಸಿದ್ದಾಳೆ. ಬುಡದಿಂದ ನಾಲ್ಕೈದು ಇಂಚು ಸ್ವಂತ ಬಣ್ಣ ಬೆಳೆದಿದೆ, ನಡುಭಾಗ ಕಿತ್ತಳೆಯಾಗಿದೆ, ತುದಿಯ ಆರೇಳು ಇಂಚು ಪೇಲವ ಹಳದಿ. ಮನೆಯಲ್ಲಿ ಮದುವೆ, ತಲೆಯೆಲ್ಲ ಒಂದೇ ಕಡು ಕಂದಾಗಬೇಕು.

ಸಲೂನಿನವರು ಇದನ್ನು ಲೆವೆಲ್ ಲೆಕ್ಕದಲ್ಲಿ ಓದುತ್ತಾರೆ. ಕಪ್ಪು ಎಂದರೆ 1, ತೀರಾ ತಿಳಿ ಹೊಂಬಣ್ಣ ಎಂದರೆ 10. ಈ ಹುಡುಗಿಯ ಬುಡ 3, ನಡು 7, ತುದಿ 9. ಮುಟ್ಟಬೇಕಾದದ್ದು 3ರ ಆಸುಪಾಸು. ಎರಡು ಲೆವೆಲ್ ಕೆಳಗಿಳಿಸುವುದಾದರೆ ಸಾಮಾನ್ಯವಾಗಿ ಫಿಲ್ಲಿಂಗ್ ಬೇಡ, ಡೈಗೇ ಒಂದಿಷ್ಟು ಬಿಸಿ ಬಣ್ಣ ಬೆರೆಸಿದರೆ ಸಾಕು. ಮೂರು ಅಥವಾ ಹೆಚ್ಚು ಲೆವೆಲ್ ಇಳಿಸುವಾಗ ಫಿಲ್ಲಿಂಗ್ ಬೇಕು. ತುದಿ ಇಳಿಯಬೇಕಿರುವುದು ಆರು ಲೆವೆಲ್. ನಡುಭಾಗವೂ ದೂರವೇ ಇಳಿಯಬೇಕು, ಆದರೆ ಅಲ್ಲಿ ಕಿತ್ತಳೆ ಇನ್ನೂ ಉಳಿದಿರುವುದರಿಂದ ಅಲ್ಪಸ್ವಲ್ಪ ಸಾಕು. ಬುಡಕ್ಕೆ ಏನೂ ಬೇಡ. ಮೂರು ಭಾಗಕ್ಕೂ ಒಂದೇ ಉಪಚಾರ ಮಾಡುವವರ ಕೈಯಲ್ಲಿ ಈ ಕೆಲಸ ಕೆಡುತ್ತದೆ.

ಫಿಲ್ಲರ್ ಆಗಿ ಬೇಕಾದದ್ದು ಡೆಮಿ-ಪರ್ಮನೆಂಟ್ ಕಲರ್. ಅದು ಕೂದಲನ್ನು ಇನ್ನಷ್ಟು ತಿಳಿಯಾಗಿಸುವುದಿಲ್ಲ, ಈಗಾಗಲೇ ನೊಂದಿರುವ ಎಳೆಯನ್ನು ಹೆಚ್ಚು ಕಾಡುವುದೂ ಇಲ್ಲ. ಬಣ್ಣ ಗುರಿಗಿಂತ ಎರಡು-ಮೂರು ಲೆವೆಲ್ ತಿಳಿಯಾಗಿರಬೇಕು. ನಮ್ಮ ಹುಡುಗಿಗೆ ಲೆವೆಲ್ 6ರ ಕಾಪರ್ ಒಂದು ಪಾಲು, ಅದೇ ಲೆವೆಲ್ಲಿನ ಗೋಲ್ಡ್ ಒಂದು ಪಾಲು. ಟ್ಯೂಬಿನ ಮೇಲೆ 6.4, 6.3 ಎಂದಿರಬಹುದು. ಬಿಂದುವಿನ ಮುಂದಿನ ಅಂಕಿಯ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಆದ್ದರಿಂದ ಅಂಕಿಯನ್ನು ನಂಬದೆ ಶೇಡ್ ಕಾರ್ಡ್ ನೋಡಬೇಕು. ಡೆವಲಪರ್ 10 ವಾಲ್ಯೂಮ್, ಅಂದರೆ 3 ಶೇಕಡಾ ಪೆರಾಕ್ಸೈಡ್, ಇಲ್ಲವೇ ಅದಕ್ಕಿಂತ ಸೌಮ್ಯವಾದದ್ದು. ಎಷ್ಟಕ್ಕೆ ಎಷ್ಟು ಬೆರೆಸಬೇಕೆಂಬುದು ಪೊಟ್ಟಣದ ಮೇಲೆ ಇರುತ್ತದೆ.

ಮೊದಲು ಒಂದು ಒಳ್ಳೆಯ ಕ್ಲಾರಿಫೈಯಿಂಗ್ ಶಾಂಪೂ. ಎಣ್ಣೆ, ಸೀರಂ, ಬೋರ್‌ವೆಲ್ ನೀರಿನ ಲವಣ ಅಂಟಿಕೊಂಡಿದ್ದರೆ ಬಣ್ಣ ಪಟ್ಟೆಪಟ್ಟೆಯಾಗಿ ಹಿಡಿಯುತ್ತದೆ. ಟವೆಲಿನಲ್ಲಿ ಒರೆಸಿ ಫಿಲ್ಲರನ್ನು ಹಳದಿ ತುದಿಗಳಿಗೆ ಮಾತ್ರ ಹಚ್ಚಿ ಸುಮಾರು 20 ನಿಮಿಷ ಬಿಡಬೇಕು. ಕೊನೆಯ ಐದು ನಿಮಿಷದಲ್ಲಿ ಬಾಚಣಿಗೆಯಿಂದ ಅದನ್ನೇ ನಡುಭಾಗಕ್ಕೆ ಎಳೆದರೆ ಅಲ್ಲಿಗೆ ಅಷ್ಟೇ ಸಾಕು. ಈ ಹೊತ್ತಿನಲ್ಲಿ ಕನ್ನಡಿ ನೋಡಿದ ಹುಡುಗಿ ಗಾಬರಿಯಾಗುತ್ತಾಳೆ, ಏಕೆಂದರೆ ತಲೆ ಢಾಳಾದ ಕಿತ್ತಳೆಯಾಗಿರುತ್ತದೆ. ಹಾಗೇ ಆಗಬೇಕು. ಬ್ಲೀಚಿನಲ್ಲಿ ಕಳೆದುಹೋದ ಮೆಟ್ಟಿಲು ಮರಳಿ ಬಂದಿದೆ ಎಂಬುದಕ್ಕೆ ಅದೇ ಗುರುತು. ಕಿತ್ತಳೆ ಬದಲು ಬರೀ ಅರಿಸಿನ ಬಣ್ಣ ಕಂಡರೆ ತುಂಬಿದ್ದು ಸಾಲದು, ಇನ್ನೊಮ್ಮೆ ಹಚ್ಚಬೇಕು.

ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ಶಾಂಪೂ ಬೇಡ, ಕಂಡಿಷನರ್ ಬೇಡ. ನೀರು ತೊಟ್ಟಿಕ್ಕದಂತೆ ಒರೆಸಿ ಈಗ ಕಂದು ಹಚ್ಚುವುದು. ಇಲ್ಲೂ ಒಂದು ಎಚ್ಚರ ಬೇಕು. ಬ್ಲೀಚ್ ಆದ ಕೂದಲಿನ ಹೊರಪದರ ಎದ್ದು ಒಳಗೆ ಟೊಳ್ಳಾಗಿರುತ್ತದೆ, ಬಣ್ಣವನ್ನು ಅದು ಅಗತ್ಯಕ್ಕಿಂತ ಹೆಚ್ಚು ಹೀರುತ್ತದೆ. 3 ಬೇಕೆಂದು 3 ಹಚ್ಚಿದರೆ ತುದಿ ಕಪ್ಪಾಗಿ ಕುಳಿತುಬಿಡುತ್ತದೆ. ಅದಕ್ಕಾಗಿ 4ರ ನ್ಯೂಟ್ರಲ್ ಅಥವಾ ಬೆಚ್ಚನೆಯ ಬ್ರೌನ್, ಇದೂ ಡೆಮಿ-ಪರ್ಮನೆಂಟ್. ಆಶ್ ಎಂದು ಬರೆದ ಟ್ಯೂಬನ್ನು ಈ ತಲೆಯ ಹತ್ತಿರ ತರಬಾರದು. ಹತ್ತು ನಿಮಿಷಕ್ಕೇ ಕೂದಲು ಕಡುಕಪ್ಪಾಗಿ ಕಂಡು, ಸಾಕು ತೊಳೆಯಿರಿ ಎನ್ನಿಸುತ್ತದೆ. ಕಾಣುವುದು ಎಳೆಯ ಹೊರಗೆ ಕುಳಿತ ಪೇಸ್ಟಿನ ಬಣ್ಣ, ಒಳಗೆ ಡೈ ಇನ್ನೂ ಕೂಡಿಕೊಳ್ಳುತ್ತಿರುತ್ತದೆ. ಅವಸರಕ್ಕೆ ಬಿದ್ದು ತೊಳೆದರೆ ಬೇಗ ಮಾಸುತ್ತದೆ. ಸಣ್ಣ ಎಳೆಯೊಂದರ ಪೇಸ್ಟ್ ಒರೆಸಿ ನೋಡಬೇಕು, ಪೊಟ್ಟಣ ಹೇಳಿದಷ್ಟು ಹೊತ್ತು ಬಿಡಬೇಕು.

ತಲೆಗೆಲ್ಲ ಹಚ್ಚುವ ಮುಂಚೆ ಒಳಗಿನ ಒಂದು ಎಳೆಯ ಮೇಲೆ ಎರಡೂ ಹಂತ ಮಾಡಿ ನೋಡಿದರೆ ಅರ್ಧ ಅನಾಹುತ ತಪ್ಪುತ್ತದೆ. ಆ ಎಳೆಯನ್ನು ಕಿಟಕಿಯ ಬೆಳಕಿನಲ್ಲಿ, ಪೂರ್ತಿ ಒಣಗಿಸಿ ನೋಡಬೇಕು. ಸಲೂನಿನ ಹಳದಿ ದೀಪದ ಕೆಳಗೆ ಹಸಿರು ಛಾಯೆ ಅಡಗಿರುತ್ತದೆ, ಒದ್ದೆ ಕೂದಲು ಯಾವತ್ತೂ ಗಾಢವಾಗಿ ಕಾಣುತ್ತದೆ. ಡೈ ಅಲರ್ಜಿಯ ಪರೀಕ್ಷೆಯನ್ನು 48 ಗಂಟೆ ಮುಂಚೆ ಮಾಡಿಸಿಕೊಳ್ಳುವುದನ್ನೂ ಬಿಡಬಾರದು.

ಈಗಾಗಲೇ ಹಸಿರಾಗಿಬಿಟ್ಟಿದ್ದರೆ? ಅದರ ಮೇಲೆ ಮತ್ತೆ ಬ್ರೌನ್, ಮತ್ತೆ ಬ್ರೌನ್ ಎಂದು ಹಚ್ಚುತ್ತ ಹೋಗುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಕೂದಲು ಕಪ್ಪಾಗುತ್ತದೆಯೇ ಹೊರತು ಕಂದಾಗುವುದಿಲ್ಲ. ಹಸಿರಿಗೆ ಎದುರು ಬಣ್ಣ ಕೆಂಪು. ಕೆಂಪು ಬೆರೆತ ಕಾಪರ್ ಡೆಮಿ ಬಣ್ಣವನ್ನು ಕೆಲವೇ ನಿಮಿಷ ಹಚ್ಚಿ, ಕಣ್ಣಿಟ್ಟು ನೋಡುತ್ತ ತೊಳೆದರೆ ಹಸಿರು ಅಡಗುತ್ತದೆ. ಈಜುಕೊಳದ ನೀರಿನ ತಾಮ್ರ ಅಂಟಿ ಬಂದ ಹಸಿರಿನ ಕಥೆ ಬೇರೆ, ಅದಕ್ಕೆ ಲೋಹವನ್ನು ಎಳೆದು ತೆಗೆಯುವ ಶಾಂಪೂ ಬೇಕು.

ಫಿಲ್ಲಿಂಗ್ ಕೂದಲನ್ನು ರಿಪೇರಿ ಮಾಡುವುದಿಲ್ಲ. ಒದ್ದೆ ಎಳೆಯನ್ನು ಮೆಲ್ಲಗೆ ಎಳೆದಾಗ ರಬ್ಬರಿನಂತೆ ಉದ್ದವಾಗಿ ಹಿಂದಕ್ಕೆ ಬಾರದೆ ತುಂಡಾದರೆ ಅದು ಯಾವ ಬಣ್ಣವನ್ನೂ ಹಿಡಿದಿಟ್ಟುಕೊಳ್ಳದು, ಆ ಭಾಗವನ್ನು ಕತ್ತರಿಸುವುದೇ ಮೇಲು. ಗಟ್ಟಿ ಕೂದಲಿನಲ್ಲೂ ತುಂಬಿದ ಬಣ್ಣ ಮಾಸುತ್ತದೆ. ಆದರೆ ಮಾಸಿದಾಗ ಹಸಿರಾಗದೆ ತಾಮ್ರದ ಕಡೆಗೆ ವಾಲುತ್ತದೆ, ಕೆಲವು ವಾರಗಳಿಗೊಮ್ಮೆ ತುದಿಗಳಿಗೆ ಅದೇ ಬ್ರೌನನ್ನು ಸ್ವಲ್ಪ ಹೊತ್ತು ಹಚ್ಚಿದರೆ ಸರಿಹೋಗುತ್ತದೆ.

ಈ ಹಂತಕ್ಕೆ ಸಲೂನಿನಲ್ಲಿ ಹೆಚ್ಚುವರಿ ಸಮಯವೂ ಇನ್ನೊಂದು ಟ್ಯೂಬಿನ ಖರ್ಚೂ ಬೀಳುತ್ತದೆ, ಬಿಲ್ಲಿನಲ್ಲೂ ಅದು ಕಾಣುತ್ತದೆ. ಅದಕ್ಕೇ ಕೆಲವರು ಇದನ್ನು ಹಾರಿಸುತ್ತಾರೆ. ಕುರ್ಚಿಯಲ್ಲಿ ಕೂರುವ ಮುಂಚೆಯೇ, "ಬ್ರೌನ್ ಹಾಕೋ ಮುಂಚೆ ಫಿಲ್ ಮಾಡ್ತೀರಾ? ಯಾವ ಶೇಡಲ್ಲಿ?" ಎಂದು ಕೇಳಿಬಿಡುವುದು ಒಳ್ಳೆಯದು. ತುದಿ, ನಡು, ಬುಡ ಮೂರನ್ನೂ ಕೈಯಲ್ಲಿ ಹಿಡಿದು ನೋಡಿ ಉತ್ತರ ಕೊಡುವವರ ಕೈಗೆ ತಲೆ ಕೊಡಬಹುದು. "ಅದೆಲ್ಲ ಬೇಡ ಮೇಡಂ, ಡಾರ್ಕ್ ಹಾಕಿದ್ರೆ ಎಲ್ಲಾ ಮುಚ್ಚುತ್ತೆ" ಎಂದರೆ ಬೇರೆ ಸಲೂನ್ ನೋಡಿಕೊಳ್ಳಿ.